ಸೊನ್ನೆ ಬಲ್ಬು ಮತ್ತು ಹುಡುಗನ ಫೋನು

ಉಪ್ಪಳದಲ್ಲಿ ನಮ್ಮದೊಂದು ದಿನಸಿ ಅಂಗಡಿ ಉಂಟು. ಅಕ್ಕಿ, ಬೇಳೆ, ತೆಂಗಿನೆಣ್ಣೆ, ಬೀಡಿ, ತಂಪು ಪಾನೀಯ, ಮಳೆಗಾಲ ಬಂತೆಂದರೆ ಕೊಡೆ, ಟಾರ್ಪಾಲು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಆರು ವರ್ಷ ಗಲ್ಫಿನಲ್ಲಿ ಎಸಿ ರಿಪೇರಿ ಮಾಡಿಕೊಂಡಿದ್ದವನು. ಈಗ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಆದಿತ್ಯವಾರ ಮಾತ್ರ ಗಲ್ಲೆಯಲ್ಲಿ ಕೂರುವುದು. ಉಪ್ಪನ ಲೆಕ್ಕದ ಪುಸ್ತಕ ತೆರೆದು ನೋಡುವುದೂ ಆ ದಿನವೇ.

ಹೋದ ವರ್ಷ ಮೇ ತಿಂಗಳಿನ ಒಂದು ಆದಿತ್ಯವಾರ ಆ ಪುಸ್ತಕದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗನ ಸಂಬಳದ ಕೆಳಗೆ ಉಪ್ಪನ ಉರುಟು ಕನ್ನಡ ಅಕ್ಷರದಲ್ಲಿ 'ಫೋನ್ ಕರೆಂಟ್ – 100' ಎಂದು ಬರೆದಿತ್ತು. ಹಿಂದಿನ ತಿಂಗಳಿನದ್ದನ್ನೂ ನೋಡಿದೆ. ಅಲ್ಲಿಯೂ ಇತ್ತು.

ಹುಡುಗ ಹಾವೇರಿ ಕಡೆಯವನು. ಫೆಬ್ರವರಿಯಲ್ಲಿ ಬಂದಿದ್ದ. ಅಂಗಡಿಯ ಹಿಂದಿನ ಗೋಡೌನಿನಲ್ಲೇ ಮಲಗುತ್ತಿದ್ದ. ಊರಿನಲ್ಲಿ ಹೆಂಡತಿ ಬಾಣಂತಿ. ಅವನು ಹೊರಟು ಬಂದ ಮೇಲೆ ಹುಟ್ಟಿದ ಮಗುವನ್ನು ಅವನು ನೋಡಿದ್ದೇ ಫೋನಿನಲ್ಲಿ. ರಾತ್ರಿ ಶಟರ್ ಎಳೆದ ಮೇಲೆ ಒಂದು ಗಂಟೆ ವಿಡಿಯೊ ಕಾಲ್ ನಡೆಯುತ್ತಿತ್ತು, ಆಮೇಲೆ ಫೋನ್ ಚಾರ್ಜಿಗೆ. ಬೆಳಿಗ್ಗೆ ಉಪ್ಪ ಅಂಗಡಿ ತೆರೆಯುವಾಗಲೂ ಅದು ಪ್ಲಗ್ಗಿನಲ್ಲೇ ನೇತಾಡುತ್ತಿತ್ತು.

ನಾನು ಕೇಳಿದೆ, "ಉಪ್ಪ, ಇದೆಂತ ನೂರು ರೂಪಾಯಿ?"

"ಏಪ್ರಿಲಿನಲ್ಲಿ ಬಂದ ಬಿಲ್ ನೋಡು ಮೋನೆ. ಹೋದ ವರ್ಷದ ಅದೇ ಬಿಲ್ಲಿಗಿಂತ ಎಪ್ಪತ್ತು ಯೂನಿಟ್ ಜಾಸ್ತಿ. ಹೊಸತಾಗಿ ಬಂದದ್ದು ಎಂತ? ಅವನ ಫೋನೇ ಅಲ್ಲವಾ? ರಾತ್ರಿಯಿಡೀ ಕರೆಂಟ್ ಕುಡಿಯುತ್ತದೆ."

ಬಿಲ್ ನೋಡಿದೆ. ಉಪ್ಪ ಹೇಳಿದ್ದು ಸರಿ. ನಮ್ಮಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್ ಬರುವುದು. ಹಿಂದಿನ ವರ್ಷ 360 ಯೂನಿಟ್ ಇದ್ದದ್ದು ಈಗ 430 ಆಗಿತ್ತು. ಉಪ್ಪನಿಗೆ ಲೆಕ್ಕ ತಪ್ಪುವುದು ಕಡಿಮೆ. ತಪ್ಪಿದ್ದು ಯಾರ ಹೆಸರಿಗೆ ಬರೆಯಬೇಕು ಎನ್ನುವುದರಲ್ಲಿ.

"ಫೋನಿಗೆ ಅಷ್ಟು ಬೇಡ ಉಪ್ಪ. ಅದಕ್ಕಿಂತ ಹೊರಗೆ ಉರಿಯುವ ನಿಮ್ಮ ಸೊನ್ನೆ ಬಲ್ಬೇ ಜಾಸ್ತಿ ತಿನ್ನುತ್ತದೆ" ಎಂದೆ.

ಹೇಳಬಾರದಿತ್ತು. ಆ ಬಲ್ಬಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅಂಗಡಿಯ ಬೋರ್ಡಿನ ಕೆಳಗೆ, ಚರಂಡಿಯ ಕಲ್ಲಿನ ಮೇಲ್ಗಡೆ, ಮಗ್ರಿಬಿಗೆ ಹಾಕಿದರೆ ಬೆಳಗಿನವರೆಗೆ ಉರಿಯುವ ಸಣ್ಣ ಹಳದಿ ಬಲ್ಬು. ರಾತ್ರಿ ರೈಲಿಳಿದು ನಡೆದು ಬರುವವರು ಚರಂಡಿಗೆ ಬೀಳಬಾರದೆಂದು ಉಪ್ಪ ಅಂಗಡಿ ಹಾಕಿದ ವರ್ಷದಿಂದ ಉರಿಸಿಕೊಂಡು ಬಂದದ್ದು. ಒಂದು ಸುಟ್ಟರೆ ಇನ್ನೊಂದು, ಅದೇ ಬಗೆಯದ್ದು. ಗಲ್ಲೆಯ ಕೆಳಗಿನ ಖಾನೆಯಲ್ಲಿ ಯಾವಾಗಲೂ ಎರಡು ಇರುತ್ತಿತ್ತು.

"ಅದು ಝೀರೋ ಬಲ್ಬು. ಹೆಸರೇ ಸೊನ್ನೆ. ಅದಕ್ಕೆ ಎಂತ ಕರೆಂಟು?" ಎಂದರು ಉಪ್ಪ.

ಇದು ನಮ್ಮ ಉಪ್ಪನೊಬ್ಬರದ್ದೇ ನಂಬಿಕೆ ಅಲ್ಲ. ನಿಮ್ಮಲ್ಲಿ ಎಷ್ಟೋ ಮನೆಗಳ ಮಲಗುವ ಕೋಣೆಯಲ್ಲಿ ಈ ಬಲ್ಬು ಇದ್ದೀತು. ತಂತಿ ಕಾದು ಬೆಳಕು ಕೊಡುವ ಹಳೇ ಬಗೆಯ ಝೀರೋ ಬಲ್ಬಿಗೆ 10ರಿಂದ 15 ವಾಟ್ ಬೇಕು. ಹಿಂದೆ ಚಕ್ರ ತಿರುಗುವ ಮೀಟರ್ ಇದ್ದಾಗ ಇಷ್ಟು ಸಣ್ಣ ಹೊರೆಗೆ ಚಕ್ರ ಸರಿಯಾಗಿ ತಿರುಗುತ್ತಿರಲಿಲ್ಲ, ಹಾಗಾಗಿ ಸೊನ್ನೆ ಎಂಬ ಹೆಸರು ಬಂತು ಎಂದು ನಮಗೆ ಪಾಠ ಮಾಡಿದ ಸರ್ ಹೇಳುತ್ತಿದ್ದರು. ಈಗಿನ ಅಂಕೆ ತೋರಿಸುವ ಮೀಟರ್ ಅದನ್ನು ಬಿಡುವುದಿಲ್ಲ. ಮುಟ್ಟಿ ನೋಡಿದರೂ ಗೊತ್ತಾಗುತ್ತದೆ. ಐದು ನಿಮಿಷ ಉರಿದ ಝೀರೋ ಬಲ್ಬನ್ನು ಬರಿಗೈಯಲ್ಲಿ ಹಿಡಿಯಲಿಕ್ಕೆ ಕಷ್ಟ. ಸೊನ್ನೆಯಿಂದ ಅಷ್ಟು ಬಿಸಿ ಎಲ್ಲಿಂದ ಬರಬೇಕು?

ಬಾಯಿಮಾತಿನಲ್ಲಿ ಉಪ್ಪ ಒಪ್ಪುವವರಲ್ಲ. ಅಳೆದೇ ತೋರಿಸುತ್ತೇನೆ ಎಂದು ಮನೆಗೆ ಹೋಗಿ ಗಲ್ಫಿನಿಂದ ತಂದ ಕ್ಲ್ಯಾಂಪ್ ಮೀಟರ್ ತಂದೆ. ಇಕ್ಕಳದ ಹಾಗೆ ಬಾಯಿ ತೆರೆದು ವಯರನ್ನು ಒಳಗೆ ಹಿಡಿಯುವ ಮೀಟರ್ ಅದು. ಎರಡೂ ವಯರನ್ನು ಒಟ್ಟಿಗೆ ಹಿಡಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ. ಹಾಗಾಗಿ ಒಂದು ಎಕ್ಸ್‌ಟೆನ್ಶನ್ ವಯರಿನ ಮೇಲ್ಪದರ ಸೀಳಿ ಒಂದೇ ಎಳೆಯನ್ನು ಹೊರತೆಗೆದೆ. ಇಷ್ಟು ಕಡಿಮೆ ಕರೆಂಟು ಆ ಮೀಟರಿಗೆ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಅದೇ ಎಳೆಯನ್ನು ಬಾಯಿಯೊಳಗೆ ಹತ್ತು ಸುತ್ತು ಸುತ್ತಿದೆ. ತೋರಿಸಿದ್ದನ್ನು ಹತ್ತರಿಂದ ಭಾಗಿಸಿದರಾಯಿತು.

ಬಲ್ಬಿಗೆ 0.06 ಆಂಪಿಯರ್ ಬಂತು. 230 ವೋಲ್ಟಿನಿಂದ ಗುಣಿಸಿದರೆ ಸುಮಾರು 14 ವಾಟ್. ನಾನು ಉಪ್ಪನ ಮುಖ ನೋಡಿದೆ. ಆಮೇಲೆ ಹುಡುಗನ ಖಾಲಿಯಾದ ಫೋನನ್ನು ಚುಚ್ಚಿದೆ. 0.15 ಆಂಪಿಯರ್. ಗುಣಿಸಿದರೆ 34 ಚಿಲ್ಲರೆ.

ಈಗ ಉಪ್ಪ ನನ್ನ ಮುಖ ನೋಡಿದರು. "ಆಯ್ತಲ್ಲ ಇಂಜಿನಿಯರ್ರೇ. ಬಲ್ಬಿನ ಎರಡೂವರೆ ಪಾಲು."

ಹುಡುಗ ಅಕ್ಕಿ ಚೀಲದ ಹತ್ತಿರ ನಿಂತಿದ್ದ. "ಇರ್ಲಿ ಬಿಡ್ರಿ ಅಣ್ಣಾರ, ನೂರು ರೂಪಾಯಿ ದೊಡ್ಡದೇನಲ್ರಿ" ಎಂದ. ದಿನಕ್ಕೊಂದು ಚಹಾ ಬಿಟ್ಟು ಆ ನೂರನ್ನು ಸರಿಮಾಡಿಕೊಳ್ಳುತ್ತಿದ್ದ ಎಂದು ಪಕ್ಕದ ಹೋಟೆಲಿನ ಕಾಕ ನನಗೆ ಆಮೇಲೆ ಹೇಳಿದ್ದು.

ನನ್ನ ಅಳತೆಯಲ್ಲಿ ತಪ್ಪುಗಳಿದ್ದವು, ಒಂದಲ್ಲ, ಎರಡು. ರಾತ್ರಿ ಮಲಗಿದ ಮೇಲೆ ಹೊಳೆಯಿತು, ನಾಚಿಕೆಯೂ ಆಯಿತು. ಡಿಪ್ಲೊಮಾದಲ್ಲಿ ಓದಿದ್ದೇ ಅದು.

ಮೊದಲನೆಯ ತಪ್ಪು ಗುಣಾಕಾರದ್ದು. ಹಳೇ ಬಲ್ಬಿನಲ್ಲಿ ಇರುವುದು ಬರೀ ಒಂದು ತಂತಿ. ಅಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಿಗುವುದೇ ವಾಟ್. ಫೋನಿನ ಚಾರ್ಜರ್ ಹಾಗಲ್ಲ. ಅದು ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ, ಪ್ರತಿ ಅಲೆಯ ನೆತ್ತಿಯಲ್ಲಿ ಮಾತ್ರ ಗಬಕ್ಕನೆ ಒಂದು ಗುಟುಕು ಎಳೆದು ಉಳಿದ ಹೊತ್ತು ಸುಮ್ಮನಿರುತ್ತದೆ. ಹಾಗೆ ಎಳೆಯುವ ಸಾಧನಗಳಲ್ಲಿ ವೋಲ್ಟ್ ಗುಣಿಸು ಆಂಪಿಯರ್ ಎಂದರೆ ನಿಜವಾದ ವಾಟಿಗಿಂತ ತುಂಬ ಹೆಚ್ಚು ಬರುತ್ತದೆ, ಸಣ್ಣ ಚಾರ್ಜರಿನಲ್ಲಿ ಹೆಚ್ಚುಕಮ್ಮಿ ಇಮ್ಮಡಿ. ನಮ್ಮ ಮೀಟರ್ ಎಣಿಸುವುದು, ನಾವು ದುಡ್ಡು ಕೊಡುವುದು ನಿಜವಾದ ವಾಟಿನ ಲೆಕ್ಕಕ್ಕೆ. ಕ್ಲ್ಯಾಂಪ್ ಮೀಟರಿಗೆ ಅದು ಕಾಣುವುದಿಲ್ಲ.

ಎರಡನೆಯದು ಇನ್ನೂ ದೊಡ್ಡ ತಪ್ಪು, ಅದನ್ನು ನಾವಿಬ್ಬರೂ ಸೇರಿ ಮಾಡಿದ್ದು. ನಾವು ನೋಡಿದ್ದು ಫೋನು ಆ ಒಂದು ಗಳಿಗೆಯಲ್ಲಿ ಎಷ್ಟು ಎಳೆಯುತ್ತದೆ ಎಂದು. ಬಿಲ್ಲಿನಲ್ಲಿ ಬರುವುದು ಎಷ್ಟು ಹೊತ್ತು ಎಳೆಯಿತು ಎಂಬುದೂ ಸೇರಿದ ಲೆಕ್ಕ. ಒಂದು ಯೂನಿಟ್ ಎಂದರೆ ಸಾವಿರ ವಾಟ್ ಒಂದು ಗಂಟೆ. ಕೊಡದಲ್ಲಿ ನೀರು ತುಂಬಿಸುವಾಗ ನಳ್ಳಿ ಎಷ್ಟು ಜೋರು ಬಿಟ್ಟಿದ್ದೀರಿ ಎಂದು ಮಾತ್ರ ನೋಡಿದರೆ ಎಷ್ಟು ಕೊಡ ತುಂಬಿತು ಎಂದು ಗೊತ್ತಾಗುತ್ತದಾ? ಖಾಲಿ ಫೋನು ಮೊದಲ ಒಂದು ಗಂಟೆ ಜೋರಾಗಿ ಎಳೆಯುತ್ತದೆ. ಮುಕ್ಕಾಲು ತುಂಬಿದ ಮೇಲೆ ಬ್ಯಾಟರಿಗೆ ಹಾನಿಯಾಗದ ಹಾಗೆ ಫೋನೇ ಅದನ್ನು ಸಣ್ಣ ಮಾಡುತ್ತಾ ಬರುತ್ತದೆ. ತುಂಬಿದ ಮೇಲೆ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಬೆಳಿಗ್ಗೆ ಉಪ್ಪ ನೋಡುವ ನೇತಾಡುವ ಫೋನು ಕುಡಿಯುತ್ತಿರುವುದಲ್ಲ, ಕುಡಿದು ಮಲಗಿದ್ದು.

ಈ ಸಲ ಪ್ಲಗ್ಗಿಗೂ ಚಾರ್ಜರಿಗೂ ನಡುವೆ ಹಾಕುವ ಸಣ್ಣ ಎನರ್ಜಿ ಮೀಟರ್ ತರಿಸಿದೆ. ಅದು ನಿಜವಾದ ವಾಟನ್ನೇ ಅಳೆದು, ಹೊತ್ತನ್ನೂ ಸೇರಿಸಿ ಯೂನಿಟ್ ತೋರಿಸುತ್ತದೆ. ಅದೇ ಫೋನ್ ಹಾಕಿದಾಗ ಮೊದಲಿಗೆ ತೋರಿಸಿದ್ದು 18 ವಾಟ್. ಸುಮಾರು ಒಂದು ಗಂಟೆಯ ಮೇಲೆ 9, ಆಮೇಲೆ 4, ಎರಡು ಗಂಟೆ ಕಳೆದಾಗ ಸೊನ್ನೆಗೆ ಬಂತು.

ಒಂದು ರಾತ್ರಿಯ ಲೆಕ್ಕ ಸಾಲದು ಎಂದು ಗೊತ್ತಿತ್ತು. ಆ ಮೀಟರಿನ ಕೊನೆಯ ಅಂಕೆ 0.01 ಯೂನಿಟ್. ಒಂದು ಚಾರ್ಜಿಗೆ ಅದು 0.02 ಎಂದು ತೋರಿಸಿದರೆ ನಿಜವಾಗಿ ಇಪ್ಪತ್ತೋ ಇಪ್ಪತ್ತೊಂಬತ್ತೋ ಹೇಳಲಿಕ್ಕಾಗುವುದಿಲ್ಲ. ಆದ್ದರಿಂದ ಏಳು ರಾತ್ರಿ ಅದನ್ನು ತೆಗೆಯಲೇ ಇಲ್ಲ. ಹುಡುಗನಿಗೆ ಎಂದಿನ ಹಾಗೇ ಮಾತಾಡು, ಎಂದಿನ ಹಾಗೇ ಚುಚ್ಚು ಎಂದೆ. ಏಳನೆಯ ಬೆಳಿಗ್ಗೆ ಉಪ್ಪನೇ ಕನ್ನಡಕ ಹಾಕಿ ಓದಿದರು. 0.16.

ಅಂದರೆ ದಿನಕ್ಕೆ 23 ವಾಟ್-ಗಂಟೆ. ಇದು ಸರಿಯಾ ಎಂದು ಇನ್ನೊಂದು ದಾರಿಯಲ್ಲಿ ನೋಡಬಹುದು. ಅವನ ಫೋನಿನ ಬ್ಯಾಟರಿ 5000 ಎಂಎಎಚ್, ಅಂದರೆ 5 ಆಂಪಿಯರ್-ಗಂಟೆ. ಬ್ಯಾಟರಿಯ ವೋಲ್ಟ್ 3.85. ಗುಣಿಸಿದರೆ 19 ಚಿಲ್ಲರೆ ವಾಟ್-ಗಂಟೆ. ಅವನು ಪೂರ್ತಿ ಖಾಲಿ ಮಾಡುವುದಿಲ್ಲ, ಹದಿನೈದು ಶೇಕಡ ಉಳಿಯುವಾಗ ಹಾಕುತ್ತಾನೆ. ಹಾಗಾಗಿ ಒಳಗೆ ಹೋಗಬೇಕಾದದ್ದು ಹದಿನಾರು ಹದಿನೇಳು. ಗೋಡೆಯಿಂದ ತೆಗೆದ ಇಪ್ಪತ್ತಮೂರರಲ್ಲಿ ಉಳಿದ ಆರೋ ಏಳೋ ಚಾರ್ಜರಿನಲ್ಲಿ, ವಯರಿನಲ್ಲಿ, ಫೋನಿನಲ್ಲಿ ಬಿಸಿಯಾಗಿ ಹೋಗುತ್ತದೆ. ಚಾರ್ಜಾಗುವಾಗ ಫೋನ್ ಬೆಚ್ಚಗಾಗುವುದು ಅದೇ. ಎರಡು ದಾರಿಯಲ್ಲೂ ಲೆಕ್ಕ ಕೂಡಿತು.

ಉಪ್ಪನ ಮುಂದೆ ಅವರದ್ದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ವಾರಕ್ಕೆ 0.16 ಆದರೆ ವರ್ಷದ 52 ವಾರಕ್ಕೆ 8.3 ಯೂನಿಟ್. ಬಲ್ಬು 14 ವಾಟ್, ದಿನಕ್ಕೆ ಹನ್ನೆರಡು ಗಂಟೆ, 365 ದಿನ. 61.3 ಯೂನಿಟ್. ಲೆಕ್ಕ ಸುಲಭವಾಗಲಿ ಎಂದು ಯೂನಿಟಿಗೆ 10 ರೂಪಾಯಿ ಹಿಡಿದೆ. ಹುಡುಗನ ಫೋನಿಗೆ ವರ್ಷಕ್ಕೆ 83 ರೂಪಾಯಿ, ಸೊನ್ನೆ ಬಲ್ಬಿಗೆ 613.

ಉಪ್ಪ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಗುಣಾಕಾರವನ್ನು ಮತ್ತೊಮ್ಮೆ ಮಾಡಿದರು, ಪೆನ್ಸಿಲಿನಲ್ಲಿ. ವರ್ಷಕ್ಕೆ ಎಂಬತ್ತಮೂರು ಎಂಬಲ್ಲಿ ನಿಂತರು. ತಿಂಗಳಿಗೆ ನೂರು ಹಿಡಿದದ್ದು ಅವರಿಗೆ ನೆನಪಿತ್ತು, ನಾನು ಹೇಳಬೇಕಾಗಿರಲಿಲ್ಲ.

ಹಾಗಾದರೆ ಎಪ್ಪತ್ತು ಯೂನಿಟ್ ಎಲ್ಲಿಗೆ ಹೋಯಿತು? ಆ ಪ್ರಶ್ನೆ ನ್ಯಾಯದ್ದೇ. ಎರಡು ತಿಂಗಳಲ್ಲಿ ಫೋನಿನ ಪಾಲು ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ಬಲ್ಬಿನದ್ದೂ ಅಲ್ಲ, ಅದು ಹಿಂದಿನ ವರ್ಷವೂ ಉರಿದಿತ್ತು. ಮೀಟರನ್ನು ತಂಪು ಪಾನೀಯದ ಗಾಜಿನ ಬಾಗಿಲಿನ ಫ್ರಿಜ್ಜಿಗೆ ಹಾಕಿ ಒಂದು ಹಗಲು ಒಂದು ರಾತ್ರಿ ಬಿಟ್ಟೆ. 5.2 ಯೂನಿಟ್! ಹುಡುಗನ ಫೋನಿಗೆ ಏಳೂವರೆ ತಿಂಗಳು ಸಾಕಾಗುವಷ್ಟನ್ನು ಫ್ರಿಜ್ಜು ಒಂದೇ ದಿನ ಮುಗಿಸಿತ್ತು. ಇದು ನನ್ನ ಕೈಯ ಕೆಲಸವಾದ್ದರಿಂದ ಬಾಗಿಲಿನ ರಬ್ಬರ್ ನೋಡಿದೆ. ಹತ್ತು ರೂಪಾಯಿ ನೋಟನ್ನು ಬಾಗಿಲಿನ ಸಂದಿನಲ್ಲಿಟ್ಟು ಮುಚ್ಚಿ ಎಳೆದು ನೋಡುವುದು ಸುಲಭದ ಪರೀಕ್ಷೆ. ರಬ್ಬರ್ ಸರಿ ಇದ್ದರೆ ನೋಟು ಬಿಗಿಯಾಗಿ ಬರುತ್ತದೆ. ಕೆಳಗಿನ ಮೂಲೆಯಲ್ಲಿ ಅದು ತಾನಾಗಿ ಜಾರಿ ಬಿತ್ತು. ರಬ್ಬರ್ ಬದಲಿಸಿ, ಹಿಂದಿನ ಕಾಯಿಲ್ ಮೇಲಿನ ಅಕ್ಕಿ ಧೂಳು ಒರೆಸಿ ಮತ್ತೆ ಅಳೆದರೆ 4.5. ದಿನಕ್ಕೆ 0.7 ಯೂನಿಟ್ ಸೋರುತ್ತಿತ್ತು, ಅರವತ್ತು ದಿನಕ್ಕೆ 42.

ಉಳಿದದ್ದರಲ್ಲಿ ಹೆಚ್ಚಿನದು ಹುಡುಗನ ಲೆಕ್ಕಕ್ಕೇ ಬರುತ್ತದೆ, ಅದನ್ನು ಮುಚ್ಚಿಡಬಾರದು. ಫೋನಿನದ್ದಲ್ಲ, ಟೇಬಲ್ ಫ್ಯಾನಿನದ್ದು. 50 ವಾಟಿನ ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ ಎರಡು ತಿಂಗಳಿಗೆ 24 ಯೂನಿಟ್. ಅವನ ಫೋನು ಎರಡು ವರ್ಷ ಒಂಬತ್ತು ತಿಂಗಳಲ್ಲಿ ತಿನ್ನುವುದಕ್ಕಿಂತ ಜಾಸ್ತಿ. ಇದನ್ನು ಉಪ್ಪನಿಗೆ ಹೇಳಲೋ ಬೇಡವೋ ಎಂದು ನಾನು ಒಂದು ದಿನ ಯೋಚಿಸಿದೆ. ಫೋನಿನ ನೂರು ಹೋಗಿ ಫ್ಯಾನಿನ ನೂರು ಬಂದರೆ ಕಷ್ಟ. ಆದರೆ ಅಳೆದದ್ದನ್ನು ಅರ್ಧ ಹೇಳಿದರೆ ಅದು ಅಳತೆಯಾ?

ಹೇಳಿದೆ. ಉಪ್ಪ ನನ್ನ ಮೇಲೆಯೇ ರೇಗಿದರು. "ಮನುಷ್ಯ ಮಲಗುವಾಗ ಗಾಳಿ ಬೇಡವಾ? ಫ್ಯಾನಿಗೆ ಯಾರಾದರೂ ಕಾಸು ಹಿಡಿಯುತ್ತಾರಾ? ನೀನು ಗಲ್ಫಿನಲ್ಲಿ ಇದನ್ನೇ ಕಲಿತದ್ದಾ?"

ನನಗೆ ಆಗ ಅರ್ಥವಾದದ್ದು, ಉಪ್ಪನ ತಕರಾರು ಕರೆಂಟಿನದ್ದು ಆಗಿರಲೇ ಇಲ್ಲ. ಫ್ಯಾನ್ ಅವರ ಕಣ್ಣಿಗೆ ಅಗತ್ಯ, ಫೋನ್ ಷೋಕಿ. ಷೋಕಿಗೆ ಕರೆಂಟು ಜಾಸ್ತಿ ಹೋಗುತ್ತದೆ ಎಂದು ಮನಸ್ಸು ಮೊದಲೇ ತೀರ್ಪು ಕೊಟ್ಟಾಗಿತ್ತು. ಅದರಲ್ಲಿ ಅವರೊಬ್ಬರನ್ನೇ ದೂರಿ ಪ್ರಯೋಜನ ಇಲ್ಲ. ಉಮ್ಮ ಈಗಲೂ ನನ್ನ ಚಾರ್ಜರನ್ನು ಕಂಡಲ್ಲಿ ಕಿತ್ತು ಇಡುತ್ತಾರೆ, ಬಚ್ಚಲಿನ ಗೀಸರ್ ಸ್ವಿಚ್ಚು ಅರ್ಧ ದಿನ ಕೆಂಪಾಗಿ ಉರಿಯುತ್ತಿರುತ್ತದೆ. ಚಾರ್ಜರ್ ಕೀಳುವ ಅಭ್ಯಾಸ ಹಳೇ ಕಾಲದ ಭಾರದ ಚಾರ್ಜರುಗಳಿಂದ ಬಂದದ್ದಿರಬೇಕು. ಅವುಗಳೊಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು, ಫೋನ್ ಇಲ್ಲದಿದ್ದರೂ ಬೆಚ್ಚಗಿರುತ್ತಿದ್ದವು. ಈಗಿನ ಒಳ್ಳೆಯ ಚಾರ್ಜರ್ ಖಾಲಿ ನೇತಾಡುವಾಗ ಎಳೆಯುವುದು 0.1 ವಾಟಿಗಿಂತ ಕಡಿಮೆ. ವರ್ಷವಿಡೀ ಹಾಗೇ ಇದ್ದರೂ ಒಂದು ಯೂನಿಟ್ ತುಂಬುವುದಿಲ್ಲ. ಮುಟ್ಟಿದರೆ ತಣ್ಣಗಿರುತ್ತದೆ. ಖಾಲಿ ಇರುವಾಗಲೂ ಬಿಸಿಯಾಗುವ ಚಾರ್ಜರ್ ನಿಮ್ಮಲ್ಲಿದ್ದರೆ ಕೀಳಿರಿ, ಬಿಲ್ಲಿಗಿಂತ ಬೆಂಕಿಯ ಭಯಕ್ಕೆ.

ಒಂದು ಮಾತು ಸೇರಿಸಬೇಕು. ನಾನು ಅಳೆದದ್ದು ಗೋಡೆಯ ಪ್ಲಗ್ಗಿನಿಂದ ಬಂದದ್ದನ್ನು ಮಾತ್ರ. ಆ ಹುಡುಗನ ಮಗುವಿನ ಮುಖ ಹಾವೇರಿಯಿಂದ ಉಪ್ಪಳಕ್ಕೆ ಬರಲು ನಡುವಿನ ಟವರುಗಳು, ದೂರದ ಕಂಪ್ಯೂಟರುಗಳು ತಿನ್ನುವ ಕರೆಂಟು ನಮ್ಮ ಅಂಗಡಿಯ ಬಿಲ್ಲಿಗೆ ಬರುವುದಿಲ್ಲ. ಫೋನ್ ತಯಾರಿಸಲು ಕಾರ್ಖಾನೆಯಲ್ಲಿ ಹೋದದ್ದು ಚಾರ್ಜಿಗೆ ಹೋಗುವುದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಕರೆಂಟು ಉಳಿಸಬೇಕೆಂದು ಚಾರ್ಜಿಗೆ ಕಂಜೂಸಿ ಮಾಡಿ ಎರಡು ವರ್ಷಕ್ಕೊಮ್ಮೆ ಹೊಸ ಫೋನ್ ತೆಗೆದುಕೊಳ್ಳುವವರ ಲೆಕ್ಕ ತಲೆಕೆಳಗು. ನಾನೂ ಅದರಲ್ಲಿ ಒಬ್ಬ.

ಜೂನ್ ಮೊದಲ ವಾರ, ಮಳೆ ಹಿಡಿದ ಮೇಲೆ, ಒಂದು ಸಂಜೆ ರೈಲಿಳಿದು ಬರುವಾಗ ಬೋರ್ಡಿನ ಕೆಳಗಿನ ಬೆಳಕು ಬೇರೆ ಕಂಡಿತು. ಹಳದಿ ಹೋಗಿ ಬಿಳಿ. ಉಪ್ಪ ಯಾರಿಗೂ ಹೇಳದೆ ಅರ್ಧ ವಾಟಿನ ಎಲ್‌ಇಡಿ ರಾತ್ರಿದೀಪ ತಂದು ಹಾಕಿದ್ದರು. ಚರಂಡಿಯ ಕಲ್ಲು ಮೊದಲಿನ ಹಾಗೇ ಕಾಣುತ್ತಿತ್ತು. ಹಳೇ ಬಲ್ಬು ಪೇಪರಿನಲ್ಲಿ ಸುತ್ತಿ ಗಲ್ಲೆಯ ಖಾನೆಯಲ್ಲಿತ್ತು.

"ಇದಕ್ಕೆ ವರ್ಷಕ್ಕೆ ಎಷ್ಟು?" ಎಂದು ಕೇಳಿದರು.

ಅರ್ಧ ವಾಟ್, ಹನ್ನೆರಡು ಗಂಟೆ, 365 ದಿನ. "2.2 ಯೂನಿಟ್ ಉಪ್ಪ. ಇಪ್ಪತ್ತೆರಡು ರೂಪಾಯಿ."

ಅವರು ಬಾಯಲ್ಲೇ ಭಾಗಿಸಿದರು. "ಹಾಗಾದರೆ ಅವನ ಫೋನಿಗೆ ಇದರ ಸುಮಾರು ನಾಲ್ಕು ಪಾಲು. ನಾನು ಹೇಳಿದ್ದೇ ಸರಿಯಾಯ್ತಲ್ಲ ಮೋನೆ, ಫೋನೇ ಜಾಸ್ತಿ."

ನನಗೆ ಉತ್ತರ ಇರಲಿಲ್ಲ. ಬಲ್ಬು ಬದಲಾದರೆ ಉತ್ತರವೂ ಬದಲಾಗುತ್ತದೆ. ಅದೇ ಫೋನಿನ ಒಂದು ದಿನದ ಚಾರ್ಜಿನಲ್ಲಿ ಗೋಡೌನಿನ 9 ವಾಟಿನ ಎಲ್‌ಇಡಿ ಬಲ್ಬು ಎರಡೂವರೆ ಗಂಟೆ ಉರಿಯುತ್ತದೆ, ಈ ಸಣ್ಣದು ನಲವತ್ತಾರು ಗಂಟೆ.

ಹುಡುಗ ಒಳಗೆ ಬಕೆಟ್ಟಿಗೆ ಸೋರುವ ನೀರು ಹಿಡಿಯುತ್ತಿದ್ದ. ಫೋನು ಗಲ್ಲೆಯ ಪಕ್ಕದ ಪ್ಲಗ್ಗಿನಲ್ಲಿತ್ತು, ಹಗಲಲ್ಲೇ. ನಾನು ಪುಸ್ತಕ ತೆರೆದು ಜೂನ್ ಸಂಬಳದ ಸಾಲು ನೋಡಿದೆ. 'ಮಗುವಿಗೆ – 200' ಎಂದು ಸೇರಿಸಿ ಬರೆದಿತ್ತು. ಏಪ್ರಿಲ್, ಮೇ ತಿಂಗಳ ಹಳೇ ಸಾಲುಗಳನ್ನು ಉಪ್ಪ ಹೊಡೆದು ಹಾಕಿರಲಿಲ್ಲ. ಬರೆದದ್ದನ್ನು ಅವರು ಯಾವಾಗಲೂ ಅಳಿಸುವುದಿಲ್ಲ.